ಸೋಲಾಪುರದ ನಂಬರು

ನಮ್ಮ ಮನೆಗೆ ಫೋನು ಬಂದದ್ದು ತೊಂಬತ್ತರ ದಶಕದ ನಡುವೆ, ನನ್ನ ಮದುವೆಯಾದ ಮರುವರ್ಷ. ಮಾವನವರು ಅರ್ಜಿ ಹಾಕಿದ್ದು ಅದಕ್ಕೂ ಎಷ್ಟೋ ವರ್ಷ ಮೊದಲು, ಕೋರ್ಟಿನಲ್ಲಿ ನಕಲು ವಿಭಾಗದ ನೌಕರಿಯಲ್ಲಿದ್ದಾಗ. ನಿವೃತ್ತಿಯಾದ ಮೇಲೆ ಸಿಕ್ಕಿತು. ಪಡಸಾಲೆಯ ಮೂಲೆಯಲ್ಲಿ ಒಂದು ಸ್ಟೂಲು, ಸ್ಟೂಲಿನ ಮೇಲೆ ಅತ್ತೆಯವರು ಹೆಣೆದ ಬಿಳಿ ಕ್ರೋಶಾದ ವಸ್ತ್ರ, ಅದರ ಮೇಲೆ ಬೂದು ಬಣ್ಣದ ಫೋನು. ಓಣಿಯವರೆಲ್ಲ ಬಂದು ನೋಡಿ, ತಮ್ಮ ನೆಂಟರಿಗೆ ನಮ್ಮ ನಂಬರು ಬರೆದುಕೊಟ್ಟರು.

ನಮ್ಮ ಮನೆ ಕಲಬುರಗಿಯ ಸ್ಟೇಶನ್ ಬಜಾರದ ಹಿಂದಿನ ಓಣಿಯಲ್ಲಿತ್ತು. ಓಣಿಯ ತುದಿಗೆ ಲಾಡ್ಜುಗಳು, ಲಾರಿ ಬುಕಿಂಗ್ ಆಫೀಸುಗಳು. ಹಿಂದಿನ ಕಡೆ ನಮ್ಮಂಥ ಹಳೆಯ ಮನೆಗಳು. ಒಂದೇ ಕಂಬದಿಂದ ಎಲ್ಲರಿಗೂ ತಂತಿ. ಆ ಕಂಬದ ಮೇಲಿನ ಕಬ್ಬಿಣದ ಡಬ್ಬಿಯಿಂದ ಹೊರಟ ಕಪ್ಪು ವಾಯರುಗಳು ಎತ್ತೆತ್ತಲೋ ಹೋಗುತ್ತಿದ್ದವು. ಯಾವುದು ಯಾರ ಮನೆಯದು ಎಂದು ಲೈನ್‌ಮನ್‌ನ ಹೊರತು ಯಾರಿಗೂ ತಿಳಿಯುತ್ತಿರಲಿಲ್ಲ. ತಿಳಿದುಕೊಳ್ಳಬೇಕು ಅಂತ ನಮಗೆ ಅನ್ನಿಸಿಯೂ ಇರಲಿಲ್ಲ.

ಫೋನಿನ ಮೇಲೆ ನನಗಿದ್ದ ಹಕ್ಕು ಸಣ್ಣದು. ಭಾನುವಾರ ರಾತ್ರಿ, ರೇಟು ಇಳಿದ ಮೇಲೆ, ನನ್ನ ತವರು ಕಮಲಾಪುರಕ್ಕೆ ಒಂದು ಕಾಲ್. ತವರಿನಲ್ಲಿ ಫೋನಿರಲಿಲ್ಲ. ಪಕ್ಕದ ಕಿರಾಣಿ ಅಂಗಡಿಗೆ ಫೋನು ಹಚ್ಚಿದರೆ ಅವರು ಅವ್ವನನ್ನು ಕೂಗಿ ಕರೆಯುತ್ತಿದ್ದರು. ಅವ್ವ ಬರುವತನಕ ಮೀಟರು ಓಡುತ್ತದೆ ಅಂತ ಮಾವನವರು ಗೋಡೆಯ ಗಡಿಯಾರ ನೋಡುತ್ತಾ ಕೂಡುತ್ತಿದ್ದರು. ಅವ್ವ ಏದುಸಿರು ಬಿಡುತ್ತಾ "ಆರಾಮ ಇದ್ದೀಯೇನವಾ" ಅನ್ನುವಷ್ಟರಲ್ಲಿ ನಾನು "ಆರಾಮ ಇದ್ದೀನಿ, ಇಡ್ತೀನಿ" ಅನ್ನುತ್ತಿದ್ದೆ. ಹೊಸದಾಗಿ ಬಂದ ಸೊಸೆಗೆ ಅಷ್ಟೇ ದೊಡ್ಡ ಸೌಭಾಗ್ಯ ಅಂತ ನಾನೂ ನಂಬಿಕೊಂಡಿದ್ದೆ.

ಎರಡು ತಿಂಗಳಿಗೊಮ್ಮೆ ಬಿಲ್ಲು ಬರುತ್ತಿತ್ತು. ಅದರಲ್ಲಿ ಇರುತ್ತಿದ್ದದ್ದು ಮೀಟರಿನ ಹಳೆಯ ಅಂಕಿ, ಹೊಸ ಅಂಕಿ, ಎರಡರ ನಡುವಿನ ಅಂತರ, ಬಾಡಿಗೆ, ಒಟ್ಟು. ಯಾರು ಯಾರಿಗೆ ಮಾತಾಡಿದರು ಅನ್ನುವುದು ಅದರಲ್ಲಿ ಇರುತ್ತಿರಲಿಲ್ಲ. ಎಸ್‌ಟಿಡಿ ಕಾಲ್‌ಗಳ ವಿವರ ಬೇಕಾದರೆ ಫೋನ್ ಆಫೀಸಿಗೆ ಹೋಗಿ ಅರ್ಜಿ ಕೊಟ್ಟು ಪಡೆಯಬೇಕಿತ್ತು.

ಆ ಸಲದ ಬಿಲ್ಲು ಬಂದಾಗ ಮಾವನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಎಂದಿನ ಬಿಲ್ಲಿನ ಅನೇಕ ಪಟ್ಟು ಇತ್ತು ಅದು. ಅವರು ಯಾರನ್ನೂ ಏನೂ ಕೇಳಲಿಲ್ಲ. ಮರುದಿನ ಟೋಪಿ ಹಾಕಿಕೊಂಡು ಹೋಗಿ ವಿವರಕ್ಕೆ ಅರ್ಜಿ ಕೊಟ್ಟು ಬಂದರು. ಕೆಲವು ದಿನಗಳ ಮೇಲೆ ಅವರ ಕೈಯಲ್ಲಿ ಕಾಗದವಿತ್ತು. ಅಂಚಿಗೆ ಸಾಲಾಗಿ ತೂತು ಇರುವ, ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುವ ಕಂಪ್ಯೂಟರ್ ಕಾಗದ. ತಾರೀಖು, ವೇಳೆ, ಹಚ್ಚಿದ ನಂಬರು, ಮಾತಾಡಿದ ಅವಧಿ, ಬಿದ್ದ ಯೂನಿಟ್ಟು, ಎಲ್ಲವೂ ಒಂದರ ಪಕ್ಕ ಒಂದು.

ಅದನ್ನು ಅವರು ಪಡಸಾಲೆಯಲ್ಲಿ, ಎಲ್ಲರ ಎದುರು ಓದಿದರು. ಎಲ್ಲರು ಅಂದರೆ ಅತ್ತೆಯವರು, ನನ್ನ ಗಂಡ, ನಾನು, ಮತ್ತು ಅತ್ತೆಯವರ ಜೊತೆ ಮಧ್ಯಾಹ್ನ ಮಠದ ಪ್ರವಚನಕ್ಕೆ ಹೋಗುವ ಎದುರು ಮನೆಯ ಹೆಂಗಸು. ಹೊರಗಿನವರು ಕೂತಿದ್ದಾರೆ, ಆಮೇಲೆ ಓದೋಣ ಅಂತ ಯಾರಿಗೂ ಅನ್ನಿಸಲಿಲ್ಲ. ಮಾವನವರ ಕೈಯಲ್ಲಿ ಕೆಂಪು ಪೆನ್ಸಿಲ್ ಇತ್ತು. "ಪುಣೆ. ಇದು ನಮ್ಮ ಮಗಳ ಮನಿ" ಅಂತ ಒಂದು ಗುರುತು. "ಕಮಲಾಪುರ. ಇದು ಸೊಸಿದು" ಅಂತ ಇನ್ನೊಂದು. ಆಮೇಲೆ ಪೆನ್ಸಿಲ್ ನಿಂತಿತು.

"ಸೋಲಾಪುರ," ಅಂದರು. ಕೆಳಗಿನ ಸಾಲಿಗೆ ಹೋದರು. "ಇದೂ ಸೋಲಾಪುರ. ಅದ ನಂಬರು. ಇದೂ." ಪುಟ ತಿರುಗಿಸಿದರು. ನಡುನಡುವೆ ಮುಂಬಯಿಯ ನಂಬರುಗಳೂ ಇದ್ದವು, ಆದರೆ ಅವು ಬೇರೆಬೇರೆ. ಸೋಲಾಪುರದ ನಂಬರು ಮಾತ್ರ ಒಂದೇ, ಮತ್ತೆ ಮತ್ತೆ. "ವೇಳ್ಯಾ ನೋಡ್ರಿ. ಹದಿನಾಲ್ಕು ಗಂಟಿ, ಹದಿನೈದು ಗಂಟಿ. ಅಂದ್ರ ಮಧ್ಯಾಹ್ನ ಎರಡು, ಮೂರು."

ಮಧ್ಯಾಹ್ನ ಎರಡು ಮೂರಕ್ಕೆ ಮಾವನವರು ಹಿಂದಿನ ಕೋಣೆಯಲ್ಲಿ ಮಲಗಿರುತ್ತಿದ್ದರು. ಅತ್ತೆಯವರು ಮಠದಲ್ಲಿ. ಗಂಡ ಕಚೇರಿಯಲ್ಲಿ. ಎಚ್ಚರ ಇರುತ್ತಿದ್ದವಳು ನಾನೊಬ್ಬಳೇ. ಇಷ್ಟೇ ಆಗಿದ್ದರೆ ಮಾತು ಬೇರೆ ದಾರಿಗೆ ಹೋಗುತ್ತಿತ್ತೇನೋ. ಆದರೆ ನಾನು ಬಿ.ಎಡ್. ಮಾಡಿದ್ದು ಸೋಲಾಪುರದಲ್ಲಿ, ಅವ್ವನ ತಂಗಿ, ನನ್ನ ಮೌಶಿಯ ಮನೆಯಲ್ಲಿದ್ದುಕೊಂಡು. ಆ ಮೌಶಿ ತೀರಿಕೊಂಡು, ಆಕೆಯ ಮಕ್ಕಳು ಊರು ಬಿಟ್ಟು ಹೋಗಿದ್ದರು. ಅದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಎಲ್ಲರ ಕಣ್ಣು ನನ್ನ ಕಡೆ ತಿರುಗಿತು.

"ಸೋಲಾಪುರದಾಗ ನಿನಗ ಯಾರದಾರವಾ ಈಗ?" ಅತ್ತೆಯವರು ಕೇಳಿದರು. ದನಿ ಮೆತ್ತಗೇ ಇತ್ತು. ಆ ಮೆತ್ತನೆಯ ದನಿಯೇ ನನಗೆ ಬೆಂಕಿಯಂತೆ ತಾಕಿತು.

"ಯಾರೂ ಇಲ್ರೀ ಅತ್ತಿಯೋರ. ಆ ನಂಬರು ನಂಗ ಗೊತ್ತಿಲ್ಲ."

"ಗೊತ್ತಿಲ್ಲದ ನಂಬರಿಗೆ ದಿನಾ ಯಾರು ಹಚ್ತಾರ?" ಅಂದರು ಮಾವನವರು.

"ನಾ ಹಚ್ಚಿಲ್ರೀ. ಈಗ ಹಚ್ಚಿ ನೋಡೂಣಲ್ಲ, ಯಾರು ಎತ್ತತಾರ ತಿಳೀತದ."

"ಬ್ಯಾಡ!" ಅಂತ ಅತ್ತೆಯವರು ಥಟ್ಟನೆ ಅಂದರು. "ಯಾರರ ಗಂಡಸೂರು ಎತ್ತಿದ್ರ ಏನಂತ ಕೇಳೂದು? ಇದ್ದ ಮರ್ಯಾದಿನೂ ಹೋಗ್ತದ."

ಎದುರು ಮನೆಯ ಹೆಂಗಸು ಸೆರಗು ಸರಿಮಾಡಿಕೊಂಡು "ನಾ ಬರ್ತೀನಿ" ಅಂತ ಎದ್ದಳು. ಆಕೆ ಹೊಸ್ತಿಲು ದಾಟುವಾಗಲೇ ನನಗೆ ಗೊತ್ತಾಯಿತು, ಸಂಜೆಯೊಳಗೆ ಓಣಿಗೆಲ್ಲ ಸೋಲಾಪುರದ ಸುದ್ದಿ ಮುಟ್ಟುತ್ತದೆ. ನಾನು ಗಂಡನ ಮುಖ ನೋಡಿದೆ. ಅವರು ಕಾಗದವನ್ನು ನೋಡುತ್ತಿದ್ದರು.

ಈಗ ಯೋಚಿಸಿದರೂ ಮೈ ಉರಿಯುತ್ತದೆ. ಒಂದು ಕಾಗದಕ್ಕೆ ಇಷ್ಟು ನಂಬಿಕೆ. ಅದರಲ್ಲಿ ನನ್ನ ಹೆಸರಿಲ್ಲ, ನನ್ನ ದನಿಯಿಲ್ಲ. ಬರೀ ಅಂಕಿಗಳು. ಆ ಅಂಕಿಗಳ ಪಕ್ಕಕ್ಕೆ ನನ್ನನ್ನು ನಿಲ್ಲಿಸಿದ್ದು ಕಂಪ್ಯೂಟರಲ್ಲ, ನಾನು ಮೂರು ಹೊತ್ತು ಅನ್ನ ಬಡಿಸುತ್ತಿದ್ದ ಮನೆಯವರು.

ಮರುದಿನ ಬಡಿಗ ಬಂದ. ಫೋನಿಗೆ ಒಂದು ಕಟ್ಟಿಗೆಯ ಪೆಟ್ಟಿಗೆ ಮಾಡಿಕೊಟ್ಟ. ಹಿಂದೆ ವಾಯರಿಗೆ ಒಂದು ತೂತು, ಮುಂದೆ ಚಿಲಕ, ಚಿಲಕಕ್ಕೆ ಕೀಲಿ. ಕೀಲಿಕೈ ಮಾವನವರ ಜನಿವಾರಕ್ಕೆ ಹೋಯಿತು. ಗಂಟೆ ಬಾರಿಸಿದರೆ ಅವರೇ ಬಂದು ತೆಗೆದು ಕೊಡಬೇಕು. ನನಗೆ ಯಾರೂ "ನೀನು ಕದ್ದು ಮಾತಾಡಿದಿ" ಅನ್ನಲಿಲ್ಲ. ಕೀಲಿ ಹಾಕಿದರು, ಅಷ್ಟೇ. ಅವತ್ತು ಮಧ್ಯಾಹ್ನದ ಬಸ್ಸಿಗೆ ನಾನು ಕಮಲಾಪುರಕ್ಕೆ ಹೊರಟೆ. ಹೊರಡುವಾಗ ಆ ಕಾಗದವನ್ನು ಮಡಚಿ ನನ್ನ ಬ್ಯಾಗಿಗೆ ಹಾಕಿಕೊಂಡೆ. ನನ್ನ ಹೆಸರು ಕೆಡಿಸಿದ ಕಾಗದ ನನ್ನ ಹತ್ತಿರವೇ ಇರಲಿ ಅಂತ.

ಬಸ್ಸು ಮಹಾಗಾಂವ ದಾಟುವತನಕ ಅಳು ತಡೆದುಕೊಂಡಿದ್ದೆ. ಪಕ್ಕದಲ್ಲಿ ತೊಗರಿ ಬೇಳೆಯ ಚೀಲ ಇಟ್ಟುಕೊಂಡು ಕೂತಿದ್ದ ಮುದುಕಿ "ಯಾಕವಾ, ತವರಾಗ ಯಾರಿಗರ ಆರಾಮಿಲ್ಲೇನು?" ಅಂತ ಕೇಳಿದಾಗ ತಡೆಯಲಾಗಲಿಲ್ಲ.

ಅವ್ವ ನನ್ನನ್ನು ನೋಡಿ ಮೊದಲು ನೀರು ಕೊಟ್ಟಳು, ಆಮೇಲೆ ಕತೆ ಕೇಳಿದಳು. ಅವಳು ಹೆಚ್ಚು ಓದಿದವಳಲ್ಲ. ಆದರೆ ನನ್ನ ಅಪ್ಪ ಶಾಲೆಯ ಮಾಸ್ತರರಾಗಿದ್ದರಿಂದ, ಮನೆಯಲ್ಲಿ ಯಾವ ಕಾಗದ ಬಂದರೂ ಮೊದಲಿನಿಂದ ಕೊನೆಯತನಕ ಓದುವ ರೂಢಿ ಅಪ್ಪ ತೀರಿಕೊಂಡ ಮೇಲೂ ಉಳಿದಿತ್ತು. ಎಲ್ಲ ಕೇಳಿ ಅವಳು ಕೇಳಿದ್ದು ಒಂದೇ ಮಾತು.

"ಆ ಕಾಗದ ನೀ ಓದಿದ್ಯೇನು?"

ಓದಿರಲಿಲ್ಲ. ಮಾವನವರ ಕೆಂಪು ಪೆನ್ಸಿಲು ಓದಿದ್ದನ್ನು ಕೇಳಿದ್ದೆ, ಅಷ್ಟೇ. ಅದು ತಪ್ಪೆಂದು ನನಗೆ ಆಗ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಗಲ್ಲಿಗೇರಿಸಿದವಳ ಕೈಗೆ ಯಾರು ಕಾಗದ ಕೊಡುತ್ತಾರೆ?

ಅಡುಗೆ ಮನೆಯ ಬಾಗಿಲಿಗೆ ಒರಗಿ ಕೂತು ನಾನು ಕಾಗದ ಬಿಚ್ಚಿದೆ. ಅಪ್ಪನಂತೆ ಮಾಸ್ತರನಾಗಿದ್ದ ಅಣ್ಣನೂ ಶಾಲೆಯಿಂದ ಬಂದವನು ಪಕ್ಕಕ್ಕೆ ಕೂತ. ನಾನು ನಂಬರು ಬಿಟ್ಟು ಮೊದಲ ಸಾಲಿನಿಂದ ಬರೀ ತಾರೀಖು ಓದುತ್ತಾ ಹೋದೆ. ಆ ದಿನ ನಾನೆಲ್ಲಿದ್ದೆ, ಏನು ಮಾಡುತ್ತಿದ್ದೆ ಅಂತ ನೆನಪು ಮಾಡಿಕೊಳ್ಳುತ್ತಾ. ಹೆಚ್ಚಿನ ದಿನಗಳು ನೆನಪಿಗೆ ಬರಲಿಲ್ಲ. ಮನೆಯಲ್ಲಿರುವ ಹೆಂಗಸಿಗೆ ಮಂಗಳವಾರ ಯಾವುದು ಬುಧವಾರ ಯಾವುದು? ಒಂದು ತಾರೀಖಿನ ಹತ್ತಿರ ಬೆರಳು ನಿಂತಿತು.

"ಅಣ್ಣಾ, ನಿನ್ನ ಮಗನ ಮುಂಜಿ ಯಾವತ್ತಿತ್ತು?"

ಅಣ್ಣ ಹೇಳುವ ಮೊದಲೇ ಅವ್ವ ಎದ್ದು ದೇವರ ಗೂಡಿನ ಪಕ್ಕಕ್ಕೆ ಅಂಟಿಸಿದ್ದ ಮುಂಜಿ ಪತ್ರಿಕೆ ತೋರಿಸಿದಳು. ಅದೇ ತಾರೀಖು. ಮುಂಜಿಗೆ ನಮ್ಮ ಕಲಬುರಗಿ ಮನೆಯವರೆಲ್ಲ ಹಿಂದಿನ ದಿನವೇ ಕಮಲಾಪುರಕ್ಕೆ ಬಂದಿದ್ದರು. ಮನೆಗೆ ದೊಡ್ಡ ಕೀಲಿ ಜಡಿದು, ಮಾವನವರು ಎರಡೆರಡು ಸಲ ಜಗ್ಗಿ ನೋಡಿ, ಟೆಂಪೋ ಹತ್ತಿದ್ದರು. ಮುಂಜಿಯ ಮಧ್ಯಾಹ್ನ ಅವರು ಇದೇ ಅಂಗಳದಲ್ಲಿ ಮೊದಲ ಪಂಕ್ತಿಯಲ್ಲಿ ಕೂತು ಹೋಳಿಗೆ ತಿಂದು, ಕೊನೆಗೆ ಕಮಲಾಪುರದ ಕೆಂಪು ಬಾಳೆಹಣ್ಣು ಸುಲಿಯುತ್ತಾ "ಇಂಥಾ ಹಣ್ಣು ಮತ್ತೆಲ್ಲೂ ಸಿಗಂಗಿಲ್ಲ" ಅಂದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಕಾಗದದ ಪ್ರಕಾರ ಅದೇ ಹೊತ್ತಿಗೆ, ಕೀಲಿ ಹಾಕಿದ ನಮ್ಮ ಮನೆಯಿಂದ ಯಾರೋ ಸೋಲಾಪುರದ ಜೊತೆ ಮಾತಾಡುತ್ತಿದ್ದರು. ಒಂದು ಸಲವಲ್ಲ, ಮೇಲಿಂದ ಮೇಲೆ.

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಸಿಟ್ಟು ನೆತ್ತಿಗೇರಿತು. ಜೀವಮಾನವಿಡೀ ಕೋರ್ಟಿನ ಕಾಗದ ನಕಲು ಮಾಡಿದ ಮನುಷ್ಯರು ಯಾರಿಗೆ ಅಂತ ಓದಿದರು, ಎಷ್ಟು ಗಂಟೆಗೆ ಅಂತ ಓದಿದರು, ಯಾವತ್ತು ಅಂತ ಓದಲಿಲ್ಲ. ಬೇಕಾದದ್ದು ಸಿಕ್ಕ ಕೂಡಲೇ ಕಣ್ಣು ನಿಂತುಬಿಟ್ಟಿತು.

ಎರಡು ದಿನ ಬಿಟ್ಟು ನನ್ನ ಗಂಡ ಬಂದರು. ಅವ್ವ ಕೊಟ್ಟ ಚಹಾ ಕುಡಿದು, "ಅಪ್ಪಗ ಆ ಕಾಗದ ಬೇಕಾಗೇದ. ಫೋನ್ ಆಫೀಸಿಗೆ ತೋರಿಸಬೇಕಂತ" ಅಂದರು.

"ಕಾಗದ ಒಯ್ಯಲಿಕ್ಕ ಬಂದೀರಿ?"

"ನಿನ್ನ ಕರಕೊಂಡ ಹೋಗ್ಲಿಕ್ಕೂ ಬಂದೀನಿ. ನಾ ಏನರ ಅಂದೀನೇನು ನಿನಗ? ನಾ ಏನೂ ಅಂದಿಲ್ಲಲ್ಲ."

"ನನ್ನ ಸಿಟ್ಟೂ ಅದಕ್ಕ ಅದರೀ. ನೀವು ಏನೂ ಅನಲಿಲ್ಲ."

ಅವರ ಮುಖ ಸಣ್ಣದಾಯಿತು. ಮುಂಜಿಯ ತಾರೀಖು ತೋರಿಸಿದೆ. ಅವರು ಓದಿದರು, ಪತ್ರಿಕೆಯ ಹತ್ತಿರ ಹೋಗಿ ಮತ್ತೆ ಓದಿದರು. "ಛೇ" ಅಂದರು.  ಅವ್ವ ಒಳಗಿನಿಂದ ಬಂದು, "ಅಳಿಯಂದ್ರ, ನನ್ನ ಮಗಳು ಬರ್ತಾಳ. ಕಾಗದ ಆಕಿ ಕೈಯಾಗ ಇರ್ತದ. ಓದೂದೂ ಆಕೀನ" ಅಂದಳು. ಅಳಿಯನ ಎದುರು ಅವ್ವ ಅಷ್ಟು ದನಿ ಎತ್ತಿ ಮಾತಾಡಿದ್ದು ನಾನು ಅದೊಂದೇ ಸಲ ಕೇಳಿದ್ದು.

ಕಲಬುರಗಿಗೆ ಬಂದು ಪಡಸಾಲೆಯಲ್ಲೇ, ಚಪ್ಪಲಿ ಬಿಟ್ಟ ಕೂಡಲೇ, ಮಾವನವರಿಗೆ ಆ ಸಾಲು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. "ತಾರೀಖು ಕಂಪ್ಯೂಟರಿನವರು ತಪ್ಪು ಹೊಡದಿರಬೇಕು" ಅಂದರು.

"ನಂಬರು ಖರೆ, ವೇಳ್ಯಾ ಖರೆ, ತಾರೀಖು ಅಷ್ಟ ಸುಳ್ಳೇನ್ರೀ ಮಾವನೋರ?"

ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಅತ್ತೆಯವರು, "ಬಂದಾಕೀನ ಜಗಳ ತಗೀಬ್ಯಾಡವಾ, ಕೈಕಾಲು ತೊಳಕೋ" ಅಂದರು.

ಮರುದಿನ ಮಧ್ಯಾಹ್ನ. ಅವತ್ತು ಪ್ರವಚನ ಇರಲಿಲ್ಲ. ಅತ್ತೆಯವರು ಪಡಸಾಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದರು, ಮಾವನವರಿಗೆ ನಿದ್ದೆ ಬಂದಿರಲಿಲ್ಲ. ಆಗ ಪೆಟ್ಟಿಗೆಯ ಒಳಗೆ ಗಂಟೆ ಸಣ್ಣಗೆ ಟಿಣ್ ಟಿಣ್ ಅಂದಿತು. ಪೂರಾ ಬಾರಿಸಲಿಲ್ಲ. ಯಾರೋ ಉಗುರಿನಿಂದ ತಟ್ಟಿದಂತೆ, ಬಿಟ್ಟು ಬಿಟ್ಟು. ಆ ಸಪ್ಪಳ ನನಗೆ ಹೊಸದಲ್ಲ. ಎಷ್ಟೋ ಮಧ್ಯಾಹ್ನ ಕೇಳಿದ್ದೆ. ಒಮ್ಮೆ ಎತ್ತಿದಾಗ ಯಾರೋ ಗಂಡಸು ಹಿಂದಿಯಲ್ಲಿ ಚೀರುತ್ತಿದ್ದ, ಆಗಿನ ಲೈನುಗಳಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುವುದು ಸಾಮಾನ್ಯವಾಗಿದ್ದರಿಂದ ಇಟ್ಟುಬಿಟ್ಟಿದ್ದೆ. ಈಗ ಮಾತ್ರ ಹೊಳೆಯಿತು, ಇದೇ ಲೈನಿನ ಮೇಲೆ ಇನ್ನೆಲ್ಲಿಂದಲೋ ಯಾರೋ ನಂಬರು ಹಚ್ಚುತ್ತಿದ್ದಾರೆ.

"ಮಾವನೋರ, ಪೆಟ್ಟಿಗಿ ತಗೀರಿ."

"ಯಾಕ?"

"ತಗೀರಿ ಅಂದೆ. ಕೀಲಿ ನಿಮ್ಮ ಹಂತ್ಯಾಕ ಅದ. ನಾ ಇಲ್ಲೆ ನಿಮ್ಮ ಕಣ್ಣ ಮುಂದ ನಿಂತೀನಿ. ಈಗ ಯಾರು ಹಚ್ಚಾಕತ್ತಾರ ನೀವ ಕೇಳ್ರಿ."

ಅವರು ಎದ್ದು ಕೀಲಿ ತೆಗೆದರು. ರಿಸೀವರ್ ಎತ್ತಿ ಕಿವಿಗೆ ಇಟ್ಟುಕೊಂಡರು. ಅವರ ಹುಬ್ಬು ಮೇಲೇರಿತು. ರಿಸೀವರನ್ನು ನನ್ನ ಕಡೆ ಚಾಚಿದರು. ಒಳಗೆ ಒಬ್ಬ ಗಂಡಸು ಜೋರಾಗಿ ಹೇಳುತ್ತಿದ್ದ: "ಗಾಡಿ ಸುಬೆ ನಿಕಲ್ಗಯೀ ಭಾಯ್, ಸೋಲಾಪುರ್ ಮೇ ಖಾಲೀ ಕರ್ಕೆ ಮಾಲ್ ಭರ್ಲೋ." ಬೆಳಿಗ್ಗೆ ಹೊರಟ ಗಾಡಿಯನ್ನು ಸೋಲಾಪುರದಲ್ಲಿ ಖಾಲಿ ಮಾಡಿ ಮಾಲು ತುಂಬಿಕೋ ಅಂತ. ಆ ಕಡೆಯವನು ಏನೋ ಬಾಡಿಗೆಯ ಮಾತು ಆಡಿದ. ಲಾರಿಯ ಮಾತು. ನನ್ನ ಮಾನ ಕಳೆದದ್ದು ಲಾರಿಯ ಮಾತು.

"ಯಾರ್ರೀ ಅದು? ನಮ್ಮ ಫೋನಿನ್ಯಾಗ ಯಾರು ಮಾತಾಡಾಕತ್ತೀರಿ?" ಅಂತ ನಾನು ಕೂಗಿದೆ.

 ಖಟ್ ಅಂತ ಇಟ್ಟ ಸಪ್ಪಳ.

ಅತ್ತೆಯವರ ಕೈಯಲ್ಲಿ ಹೂಬತ್ತಿ ಹಾಗೇ ನಿಂತಿತ್ತು.

ಅಷ್ಟಾದ ಮೇಲೂ ಮಾವನವರು ಹೇಳಿದ್ದು, "ಮೊದಲ ಆಫೀಸಿಗೆ ಹೋಗೂಣು" ಅಂತ. ನನ್ನ ಕಡೆ ನೋಡಲಿಲ್ಲ. ನಾನೂ ಬರುತ್ತೇನೆ ಅಂದೆ. ಬೇಡ ಅನ್ನಲು ಅವರಿಗೆ ಬಾಯಿ ಬರಲಿಲ್ಲ.

ದಾರಿಯಲ್ಲಿ ಸ್ಟೇಶನ್ ಬಜಾರದ ಎಸ್‌ಟಿಡಿ ಬೂತಿನ ಹತ್ತಿರ ನಿಂತೆ. "ಈಗರ ಹಚ್ಚಿ ನೋಡೂಣು" ಅಂದೆ. ಮಾವನವರು ಹೊರಗೇ ಬಿಸಿಲಿಗೆ ನಿಂತರು. ನಾನು ಗಾಜಿನ ಬಾಗಿಲು ಹಾಕಿಕೊಂಡು ಸೋಲಾಪುರದ ಆ ನಂಬರು ಹಚ್ಚಿದೆ. ನನ್ನ ಪ್ರಿಯಕರ ಎಂದು ಒಂದು ಓಣಿಯೇ ನಂಬಿದ್ದ ಮನುಷ್ಯ ಎತ್ತಿದ. ವಯಸ್ಸಾದ ದನಿ, ಮರಾಠಿ. ನಾನೂ ಮರಾಠಿಯಲ್ಲೇ, ಕಲಬುರಗಿಯಿಂದ ಮಾತಾಡುತ್ತಿದ್ದೇನೆ, ಗಾಡಿಯ ವಿಷಯ, ನಿಮಗೆ ಇಲ್ಲಿಂದ ದಿನಾ ಫೋನ್ ಮಾಡುವವರು ಯಾರು ಅಂತ ಕೇಳಿದೆ. ಅವನು ಅನುಮಾನವಿಲ್ಲದೆ ನಮ್ಮದೇ ಓಣಿಯ ತುದಿಯ ಬುಕಿಂಗ್ ಆಫೀಸಿನ ಗುರುತು ಹೇಳಿದ. ಒಂದು ನಿಮಿಷವೂ ಹಿಡಿಯಲಿಲ್ಲ. ಮೊದಲ ದಿನ ಪಡಸಾಲೆಯಲ್ಲಿ ನಾನು ಬೇಡಿದ್ದು ಈ ಒಂದು ನಿಮಿಷವನ್ನೇ.

ಫೋನ್ ಆಫೀಸಿನಲ್ಲಿ ಮೇಜಿನ ಹಿಂದೆ ಕೂತ ಅಧಿಕಾರಿ ಮಾವನವರ ಮಾತನ್ನು ಅರ್ಧ ಕೇಳಿ ನಕ್ಕರು. "ಎಕ್ಸ್‌ಚೇಂಜ್ ಈಗ ಎಲೆಕ್ಟ್ರಾನಿಕ್ ಅದರೀ ಸಾಹೇಬ್ರ. ಮಶೀನು ಸುಳ್ಳು ಹೇಳಂಗಿಲ್ಲ. ಮನ್ಯಾಗ ಹೆಣ್ಣಮಕ್ಕಳು, ಹುಡುಗೂರು ಇರ್ತಾರ. ಸಮಾಧಾನದಿಂದ ಕೇಳಿ ನೋಡ್ರಿ."

ಮಾವನವರ ಹಿಂದೆ ನಿಂತಿದ್ದ ನಾನು ಮುಂದೆ ಬಂದು ಕಾಗದವನ್ನು ಮೇಜಿನ ಮೇಲೆ ಹಾಸಿದೆ.

"ಮಶೀನು ಸುಳ್ಳು ಹೇಳ್ಯದ ಅಂತ ನಾವೆಲ್ಲಿ ಅಂದೀವ್ರೀ? ಈ ಕಾಲ್‌ಗಳು ನಮ್ಮ ಲೈನಿನ ಮ್ಯಾಲೆ ಹೋಗ್ಯಾವ, ಖರೆ ಅದ. ನಮ್ಮ ಮನಿಯಿಂದ ಹೋಗಿಲ್ಲ. ಈ ತಾರೀಖಿಗೆ ಮನಿಗೆ ಕೀಲಿ ಹಾಕಿತ್ತು. ಮುಂಜಿಗೆ ಬಂದ ಮಂದಿ ಎಲ್ಲಾ ಸಾಕ್ಷಿ ಹೇಳ್ತಾರ. ಕಂಬದ ಮ್ಯಾಲಿನ ಡಬ್ಬಿಯಾಗ ಯಾರೋ ನಮ್ಮ ಲೈನಿಗೆ ಇನ್ನೊಂದು ವಾಯರ್ ಕೂಡಿಸ್ಯಾರ. ಹೆಣ್ಣಮಕ್ಕಳನ್ನ ಕೇಳೂದು ಬಿಟ್ಟು ನಿಮ್ಮ ಲೈನ್‌ಮನ್‌ಗ ಕೇಳ್ರಿ."

ಸುತ್ತಲಿನ ಮೇಜುಗಳಲ್ಲಿ ಬರೆಯುತ್ತಿದ್ದವರ ಕೈಗಳು ನಿಂತವು. ಅಧಿಕಾರಿಯ ನಗು ಹೋಯಿತು. "ಲಿಖಿತದಾಗ ಕೊಡ್ರಿ" ಅಂದರು. ಅಲ್ಲೇ ನಿಂತು ಬರೆದುಕೊಟ್ಟೆ.

ಮರುದಿನ ಬೆಳಿಗ್ಗೆ ಫೋನ್ ಆಫೀಸಿನವರು ನಿಚ್ಚಣಿಕೆ ಹೊತ್ತು ತಪಾಸಣೆಗೆ ಬಂದರು. ಕಂಬ ಹತ್ತಿದರು, ಡಬ್ಬಿ ತೆಗೆದರು. "ಏನೂ ಇಲ್ರೀ, ಎಲ್ಲಾ ಬರೋಬ್ಬರಿ ಅದ" ಅಂದರು. ಇರುವುದೆಲ್ಲಿಂದ? ನಾನು ಫೋನಿನಲ್ಲಿ ಕೂಗಿದ ಮೇಲೆ ಆ ವಾಯರು ಅಲ್ಲಿ ಉಳಿಯಲು ಹುಚ್ಚೇ? ಕಂಬ ಹತ್ತಿದವನು ನಮ್ಮ ಓಣಿಯ ಅದೇ ಲೈನ್‌ಮನ್. ಕಳ್ಳನ ಕೈಗೇ ಕಂದೀಲು ಕೊಟ್ಟು ಹುಡುಕಿಸಿದಂತೆ. ಮಾವನವರು ಸೋತವರಂತೆ ಒಳಗೆ ಹೋದರು. "ಹೋಗ್ಲಿ ಬಿಡು, ಬಿಲ್ಲು ಕಟ್ಟಿಬಿಡೂಣು" ಅಂದರು.

"ಕಟ್ಟಿದ್ರ ನಾನ ಮಾತಾಡೀನಿ ಅಂತ ಆಗ್ತದ್ರೀ" ಅಂದೆ.

ಈ ಸಲ ನನ್ನ ಗಂಡ ಜೊತೆ ಬಂದರು, ಕಚೇರಿಗೆ ರಜೆ ಹಾಕಿ. ಬಿಲ್ಲು ವಿಭಾಗದಲ್ಲಿ ಒಬ್ಬ ಹಿರಿಯ ಹೆಂಗಸು ಕೂತಿದ್ದರು. ಅವರ ಮುಂದೆ ನಾನು ಕೇಳಿದ್ದು ಇಷ್ಟೇ: ಆ ಬುಕಿಂಗ್ ಆಫೀಸಿಗೂ ನಿಮ್ಮದೇ ಫೋನು ಇದೆ. ಅವರ ಕಾಲ್‌ಗಳ ವಿವರದಲ್ಲಿ ಈ ಸೋಲಾಪುರದ ನಂಬರು, ಈ ಮುಂಬಯಿ ನಂಬರುಗಳು ಇವೆಯೇ ಇಲ್ಲವೇ ನೋಡಿ. ನಮಗೆ ತೋರಿಸಬೇಡಿ, ನೀವೇ ನೋಡಿ.

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. "ಈ ಬಿಲ್ಲಿನ ಸಲುವಾಗಿ ಮನ್ಯಾಗ ನಿಮಗ ಏನರ ಅಂದ್ರೇನು?" ಅಂತ ಕೇಳಿದರು. ನಾನು ಹೌದೆಂದು ತಲೆಯಾಡಿಸಿದೆ. "ಕೂಡ್ರಿ" ಅಂದು ಒಳಗೆ ಹೋದರು. ಬಹಳ ಹೊತ್ತಿನ ಮೇಲೆ ಬಂದವರು ಕುರ್ಚಿಯಲ್ಲಿ ಕೂತು, ದನಿ ತಗ್ಗಿಸಿ ಹೇಳಿದರು:

"ಮೊದಲೆಲ್ಲಾ ಅವರ ವಿವರದಾಗ ಇವ ನಂಬರು ಇದ್ವುರೀ. ನಿಮ್ಮದರಾಗ ಶುರು ಆದ ವಾರದಿಂದ ಅವರದರಾಗ ಬಂದ್ ಆಗ್ಯಾವ. ನಾ ಬರದು ಮ್ಯಾಲೆ ಕಳಸ್ತೀನಿ."

ನನ್ನ ಗಂಡ ನನ್ನ ಕೈ ಹಿಡಿದುಕೊಂಡರು, ಎಲ್ಲರೆದುರು, ಆಫೀಸಿನಲ್ಲಿ. ನಾನು ಬಿಡಿಸಿಕೊಳ್ಳಲಿಲ್ಲ. ಆದರೆ ಆ ಕೈ ಪಡಸಾಲೆಯಲ್ಲಿ ಬರಬೇಕಿತ್ತು ಅಂತ ಅನ್ನಿಸದೇ ಇರಲಿಲ್ಲ.

ಆಮೇಲೆ ಸರಕಾರಿ ರೀತಿಯಲ್ಲಿ, ನಿಧಾನವಾಗಿ, ಎಲ್ಲ ಆಯಿತು. ವಿಚಾರಣೆ ಮುಗಿಯುವತನಕ ಹಿಂದಿನ ಬಿಲ್ಲುಗಳ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿ ಕಟ್ಟಿಸಿಕೊಂಡರು. ಕೊನೆಗೆ ಉಳಿದದ್ದನ್ನು ತೆಗೆದುಹಾಕಿದರು. ಲೈನ್‌ಮನ್‌ಗೆ ಬೇರೆ ಊರಿಗೆ ವರ್ಗವಾಯಿತು. ಬುಕಿಂಗ್ ಆಫೀಸಿನವನಿಗೆ ಏನೂ ಆಗಲಿಲ್ಲ. ಅವನು ಓಣಿಯಲ್ಲಿ ಎದುರಾದರೆ "ನಮಸ್ಕಾರ ಭಾಭೀ" ಅನ್ನುತ್ತಿದ್ದ. ಅವನ ಗಾಡಿಗಳು ಸೋಲಾಪುರಕ್ಕೆ ಹೋಗುತ್ತಲೇ ಇದ್ದವು.

ಮಾವನವರು ಬಂದವರಿಗೆಲ್ಲ ಈ ಕತೆ ಹೇಳತೊಡಗಿದರು. "ನಾವು ಕಾಗದ ಸೂಕ್ಷ್ಮವಾಗಿ ಪರಿಶೀಲಿಸಿದಿವಿ. ತಾರೀಖು ತಾಳೆ ಬೀಳಲಿಲ್ಲ. ಕೂಡಲೇ ಆಫೀಸಿಗೆ ಹೋಗಿ ಹಿಡಕೊಂಡಿವಿ." ನಾನು ಚಹಾ ತಂದಿಡುವಾಗಲೂ ಆ 'ನಾವು' ಹಾಗೇ ಇರುತ್ತಿತ್ತು. ಒಂದು ದಿನ ಎದುರು ಮನೆಯ ಹೆಂಗಸು ಬಂದಾಗಲೂ ಅದೇ ಕತೆ ಶುರುವಾಯಿತು. ನಾನು ತಟ್ಟೆ ಕೆಳಗಿಟ್ಟು ಅಲ್ಲೇ ಕೂತೆ.

"ಅತ್ತಿಯೋರ, ಅವತ್ತ ಇವರ ಮುಂದ ನನಗ ಸೋಲಾಪುರದಾಗ ಯಾರದಾರ ಅಂತ ಕೇಳಿದ್ರಿ. ಯಾರೂ ಇಲ್ಲ ಅಂತ ತಿಳೀತಲ್ಲ. ಅದನ್ನೂ ಇವರ ಮುಂದ ಹೇಳ್ರಿ."

 ಅತ್ತೆಯವರ ಮುಖ ಕೆಂಪಾಯಿತು. ಕೊನೆಗೆ, ನೆಲ ನೋಡುತ್ತಾ ಹೇಳಿದರು: "ಆಕೀದು ತಪ್ಪಿಲ್ರೀ. ನಾವ ತಪ್ಪ ತಿಳಕೊಂಡಿದ್ವಿ." ಮಾವನವರು ಎದ್ದು ಒಳಗೆ ಹೋದರು. ಅವರು ಆ ಮಾತನ್ನು ಬದುಕಿರುವತನಕ ಹೇಳಲಿಲ್ಲ. ಅತ್ತೆಯವರು ಹೇಳಿದರು. ಅದಕ್ಕೆ ಅತ್ತೆಯವರ ಕೊನೆಗಾಲದಲ್ಲಿ ಸೇವೆ ಮಾಡುವಾಗ ನನ್ನ ಮನಸ್ಸು ಹಗುರವಾಗಿತ್ತು.

ಅಂದಿನಿಂದ ಮನೆಗೆ ಬರುವ ಬಿಲ್ಲು ಒಡೆಯುವವಳು ನಾನೇ ಆದೆ. ಕೇಳದ ಸೇವೆಗೆ ಹಾಕಿದ ಬಾಡಿಗೆ, ಎರಡು ಸಲ ಬಿದ್ದ ದಂಡ, ಇಂಥವು ಕಣ್ಣಿಗೆ ಬಿದ್ದರೆ ಹೋಗಿ ತೆಗೆಸಿ ಬರುತ್ತಿದ್ದೆ. ಓಣಿಯವರು ತಮ್ಮ ಬಿಲ್ಲುಗಳನ್ನು ತಂದು ತೋರಿಸುತ್ತಿದ್ದರು. ಮೊಬೈಲು ಬಂದ ಮೇಲೂ ತಂದರು.

ಹಾಗೆ ಒಂದು ಸಂಜೆ ಜಗತ್ ಸರ್ಕಲ್ ಕಡೆಯಿಂದ ಪರಿಚಯದ ಒಬ್ಬ ಗೃಹಸ್ಥರು ಬಂದರು. ಮಗಳಿಗೆ ಕೊಡಿಸಿದ ಮೊಬೈಲಿನ ಬಿಲ್ಲು ಕೈಯಲ್ಲಿತ್ತು. ಒಂದು ನಂಬರಿನ ಸುತ್ತ ಪೆನ್ನಿನಿಂದ ಗೆರೆ ಎಳೆದು ಎಳೆದು ಕಾಗದ ಹರಿದಿತ್ತು.

"ನೀವು ಇದರಾಗ ಭಾಳ ತಿಳದವರು ಅಂತರೀ. ಈ ನಂಬರು ಯಾರದು ಹ್ಯಾಂಗ ಹುಡುಕೂದು?"

"ಮಗಳಿಗೆ ಕೇಳೀರೇನು?"

"ಆಕೀಗೇನು ಕೇಳೂದ್ರೀ? ಆಕಿ ಖರೆ ಹೇಳ್ತಾಳೇನು?"

"ಮಗಳನ್ನ ಕರಕೊಂಡ ಬರ್ರಿ. ಆಕಿ ಪಕ್ಕಕ್ಕ ಕೂತು ಮೊದಲ ಆಕೀನ ಓದ್ಲಿ. ಆಕಿ ಇಲ್ಲದ ನಾ ಈ ಕಾಗದ ಮುಟ್ಟಂಗಿಲ್ಲ."

ಅವರಿಗೆ ಅದು ಸರಿಬರಲಿಲ್ಲ. ಬಿಲ್ಲನ್ನು ಜೇಬಿಗೆ ತುರುಕಿಕೊಂಡು, ಚಹಾವನ್ನೂ ಕುಡಿಯದೆ ಎದ್ದು ಹೋದರು. ಮತ್ತೆ ಬರಲಿಲ್ಲ. ಆ ಹುಡುಗಿಯ ಮನೆಯಲ್ಲಿ ಆಮೇಲೆ ಏನಾಯಿತೋ ನನಗೆ ಗೊತ್ತಾಗಲಿಲ್ಲ.